ಬದಿಯಡ್ಕದ ಒಂದು ಲೋಡು ಅಡಿಕೆ ಮತ್ತು 50 ಲಕ್ಷದ ಗೆರೆ

ಮಾರ್ಚ್ ಕೊನೆಯ ವಾರ. ಬದಿಯಡ್ಕದ ಅಡಿಕೆ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ 10 ಟನ್ ಚಾಲಿ ಚೀಲ ಕಟ್ಟಿ ಸಿದ್ಧವಾಗಿತ್ತು. ಗುಜರಾತಿನ ಪಾರ್ಟಿ ಲಾರಿ ಕಳಿಸಲು ತಯಾರಿತ್ತು. ಕಿಲೋಗೆ 8 ರೂಪಾಯಿ ಉಳಿಯುವ ವ್ಯವಹಾರ, ಅಂದರೆ 80,000 ರೂಪಾಯಿ ಲಾಭ. ಆದರೂ ಅವರು ಲೋಡು ಬಿಡಲು ಹಿಂದೆಮುಂದೆ ನೋಡುತ್ತಿದ್ದರು. ಹೆಸರು ಬೇಡ, ನಾನು ಅವರನ್ನು ಅಣ್ಣ ಎಂದೇ ಕರೆಯುವುದು. ಅವರ ತೆರಿಗೆ ಲೆಕ್ಕ ನಾನೇ ನೋಡುತ್ತೇನೆ.

ಫೋನಿನಲ್ಲಿ ಅವರು ಹೇಳಿದ್ದು ಇಷ್ಟು: "ಎಂತ ಮಾರಾಯ್ರೆ ಇದು? 80,000 ದುಡಿದರೆ ಒಂದು ಲಕ್ಷದ ನಲವತ್ತು ಸಾವಿರ ತೆರಿಗೆ ಅಂತೆ! ನಮ್ಮ ರೈಟರ್ ಲೆಕ್ಕ ಹಾಕಿ ತೋರಿಸಿದ. ಹಾಗಾದರೆ ಈ ಲೋಡು ಕೊಡುವುದೇ ಬೇಡ ಅಲ್ವಾ?"

ರೈಟರ್ ಹುಡುಗ ಹಾಕಿದ ಗುಣಾಕಾರ, ಕೂಡಿಸುವಿಕೆ ಎಲ್ಲ ಸರಿಯೇ ಇತ್ತು. ಬಿಟ್ಟುಹೋಗಿದ್ದು ಒಂದೇ ಒಂದು ಹಂತ. ಆ ಹಂತದ ಹೆಸರು ಮಾರ್ಜಿನಲ್ ರಿಲೀಫ್.

ಮೊದಲು ಅವರ ಸ್ಥಿತಿ ಹೇಳುತ್ತೇನೆ. 2025–26ರ ಆರ್ಥಿಕ ವರ್ಷ, ಹೊಸ ತೆರಿಗೆ ಪದ್ಧತಿ. ಅಂಗಡಿಯ ಲಾಭ, ಬ್ಯಾಂಕ್ ಎಫ್‌ಡಿ ಬಡ್ಡಿ ಎಲ್ಲ ಸೇರಿ ಅಲ್ಲಿಯವರೆಗಿನ ಒಟ್ಟು ಆದಾಯ 49,90,000. ಷೇರು ಮಾರಿದ ಲಾಭ, ಜಾಗ ಮಾರಿದ ಲಾಭ ಏನೂ ಇಲ್ಲ, ಹಾಗಾಗಿ ಪೂರ್ತಿ ಆದಾಯ ಮಾಮೂಲಿ ಸ್ಲ್ಯಾಬ್ ದರಕ್ಕೇ ಬರುತ್ತದೆ. ಅಂಥ ಲಾಭ ಇದ್ದಿದ್ದರೆ ಲೆಕ್ಕ ಇಷ್ಟು ನೇರವಾಗಿರುತ್ತಿರಲಿಲ್ಲ.

ಇನ್ನೊಂದು ಮಾತು, ನಮ್ಮ ಕಾಸರಗೋಡು ಕಡೆ ಇದನ್ನು ಕೇಳದವರಿಲ್ಲ: "ಅಡಿಕೆಗೆ ತೆರಿಗೆ ಇಲ್ಲವಲ್ಲ?" ಸ್ವಂತ ತೋಟದ ಅಡಿಕೆ ಮಾರಿದರೆ ಅದು ಕೃಷಿ ಆದಾಯ. ಅದು ಈ 50 ಲಕ್ಷಕ್ಕೆ ಸೇರುವುದಿಲ್ಲ, ಉಳಿದ ಆದಾಯದ ದರ ಲೆಕ್ಕ ಹಾಕುವಾಗ ಮಾತ್ರ ಬರುತ್ತದೆ. ಆದರೆ ಬೇರೆಯವರ ಅಡಿಕೆ ಕೊಂಡು ಮಾರಿದರೆ ಅದು ಶುದ್ಧ ವ್ಯಾಪಾರ. ಅಣ್ಣನ ತೋಟ ಅವರ ಅಮ್ಮನ ಹೆಸರಿನಲ್ಲಿದೆ. ಹಾಗಾಗಿ ಇಲ್ಲಿ ಆ ಗೋಜಲು ಇಲ್ಲ.

ಈಗ ಸ್ಲ್ಯಾಬ್. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಆಮೇಲೆ ಪ್ರತಿ 4 ಲಕ್ಷಕ್ಕೆ 5, 10, 15, 20, 25 ಶೇಕಡಾ ಏರುತ್ತಾ ಹೋಗಿ, 24 ಲಕ್ಷದ ಮೇಲೆ 30. 24 ಲಕ್ಷದವರೆಗಿನ ತೆರಿಗೆ 3 ಲಕ್ಷ. ಅದರ ಮೇಲಿನ 26 ಲಕ್ಷಕ್ಕೆ ಶೇ. 30ರಂತೆ 7,80,000. ಆದ್ದರಿಂದ ಸರಿಯಾಗಿ 50 ಲಕ್ಷ ಆದಾಯಕ್ಕೆ ತೆರಿಗೆ 10,80,000. ಈ ಸಂಖ್ಯೆಯನ್ನು ನೆನಪಿಡಿ, ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

50 ಲಕ್ಷದವರೆಗೆ ಸರ್ಚಾರ್ಜ್ ಇಲ್ಲ. ದಾಟಿದ ಕೂಡಲೇ ಶೇ. 10 ಸರ್ಚಾರ್ಜ್. ಅದು ದಾಟಿದ ಭಾಗಕ್ಕೆ ಮಾತ್ರ ಅಲ್ಲ, ಪೂರ್ತಿ ತೆರಿಗೆಯ ಮೇಲೆ. ಸ್ಲ್ಯಾಬಿಗೂ ಸರ್ಚಾರ್ಜಿಗೂ ಇರುವ ವ್ಯತ್ಯಾಸ ಇದೇ. ಸ್ಲ್ಯಾಬ್ ದಾಟಿದರೆ ಮೇಲಿನ ರೂಪಾಯಿಗೆ ಮಾತ್ರ ಜಾಸ್ತಿ ದರ. ಸರ್ಚಾರ್ಜಿನ ಗೆರೆ ದಾಟಿದರೆ ಮೊದಲ ರೂಪಾಯಿಯಿಂದ ಹಿಡಿದು ಎಲ್ಲದಕ್ಕೂ ಹೊರೆ. ಒಂದು ರೂಪಾಯಿ ಹೆಚ್ಚು ಬಂದರೂ 1,08,000 ಸರ್ಚಾರ್ಜ್ ಬೀಳುತ್ತದೆ. ರೈಟರ್ ಹೆದರಿದ್ದು ಇದನ್ನೇ ನೋಡಿ.

ಅವನ ಲೆಕ್ಕ ಹೀಗಿತ್ತು. ಲೋಡು ಕೊಡದಿದ್ದರೆ 49,90,000 ಆದಾಯಕ್ಕೆ ತೆರಿಗೆ 10,77,000, ಸೆಸ್ ಶೇ. 4 ಅಂದರೆ 43,080, ಒಟ್ಟು 11,20,080. ಲೋಡು ಕೊಟ್ಟರೆ ಆದಾಯ 50,70,000. ತೆರಿಗೆ 11,01,000, ಸರ್ಚಾರ್ಜ್ 1,10,100, ಎರಡೂ ಸೇರಿ 12,11,100, ಅದಕ್ಕೆ ಸೆಸ್ 48,444, ಒಟ್ಟು 12,59,544. ವ್ಯತ್ಯಾಸ 1,39,464. ಲಾಭ 80,000. ಇಷ್ಟು ನೋಡಿದರೆ ಯಾರಿಗಾದರೂ ಲೋಡು ಗೋದಾಮಿನಲ್ಲೇ ಇರಲಿ ಅನಿಸುತ್ತದೆ.

ಈ ಅಡ್ಡ ಪರಿಣಾಮ ಕಾನೂನು ಮಾಡಿದವರಿಗೆ ಗೊತ್ತಿಲ್ಲದ್ದಲ್ಲ. ಪ್ರತಿ ವರ್ಷದ ಹಣಕಾಸು ಕಾಯ್ದೆಯಲ್ಲಿ ಸರ್ಚಾರ್ಜಿನ ದರ ಹೇಳಿದ ಮೇಲೆ ಒಂದು ಷರತ್ತನ್ನೂ ಹಾಕುತ್ತಾರೆ. ಅದರ ತಾತ್ಪರ್ಯ ಇದು: ತೆರಿಗೆ ಮತ್ತು ಸರ್ಚಾರ್ಜ್ ಎರಡೂ ಸೇರಿದ ಮೊತ್ತ, 50 ಲಕ್ಷ ಆದಾಯಕ್ಕೆ ಬರುವ ತೆರಿಗೆಗಿಂತ ಎಷ್ಟು ಹೆಚ್ಚಬಹುದು ಅಂದರೆ, ಆದಾಯ 50 ಲಕ್ಷವನ್ನು ಎಷ್ಟು ದಾಟಿದೆಯೋ ಅಷ್ಟು ಮಾತ್ರ. ಇದಕ್ಕೆ ಅರ್ಜಿ ಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ. ಅದು ತೆರಿಗೆ ಲೆಕ್ಕದ ಒಂದು ಸಾಲು, ಅಷ್ಟೇ.

ಅಣ್ಣನ ಲೆಕ್ಕಕ್ಕೆ ಆ ಸಾಲು ಸೇರಿಸೋಣ.

50 ಲಕ್ಷಕ್ಕೆ ತೆರಿಗೆ: 10,80,000
50 ಲಕ್ಷದ ಮೇಲಿನ ಆದಾಯ: 70,000
ತೆರಿಗೆ ಮತ್ತು ಸರ್ಚಾರ್ಜಿನ ಮಿತಿ: 11,50,000
ರಿಲೀಫ್ ಇಲ್ಲದೆ ಬಂದದ್ದು: 12,11,100
ಮಾರ್ಜಿನಲ್ ರಿಲೀಫ್: 61,100
ರಿಲೀಫ್ ಕಳೆದ ಸರ್ಚಾರ್ಜ್: 49,000
ಸೆಸ್ ಶೇ. 4: 46,000
ಕಟ್ಟಬೇಕಾದದ್ದು: 11,96,000

ಇಲ್ಲಿ ಎರಡು ವಿಷಯ ಗಮನಿಸಬೇಕು. ಮಿತಿ ಲೆಕ್ಕ ಹಾಕುವಾಗ 80,000 ಹಿಡಿಯಬಾರದು, 70,000 ಹಿಡಿಯಬೇಕು. ಲೋಡಿನ ಲಾಭದಲ್ಲಿ ಮೊದಲ 10,000 ಗೆರೆಯ ಕೆಳಗೇ ಮುಗಿಯಿತು, ಅದಕ್ಕೆ ಮಾಮೂಲಿ ಶೇ. 30. ಹೋಲಿಕೆ ಯಾವಾಗಲೂ ಸರಿಯಾಗಿ 50 ಲಕ್ಷದ ಜೊತೆಗೆ. ನಿಮ್ಮ ಹಿಂದಿನ ಆದಾಯದ ಜೊತೆಗಲ್ಲ. ಎರಡನೆಯದು, ಸೆಸ್ ಕೊನೆಗೆ ಬರುತ್ತದೆ. ಮೊದಲು ರಿಲೀಫ್ ಕಳೆದು, ಉಳಿದದ್ದರ ಮೇಲೆ ಶೇ. 4.

ಲೋಡು ಕೊಟ್ಟರೆ ತೆರಿಗೆ 11,20,080ರಿಂದ 11,96,000ಕ್ಕೆ ಏರುತ್ತದೆ. ಹೆಚ್ಚುವರಿ 75,920. ರೈಟರ್ ಹೇಳಿದ 1,39,464 ಅಲ್ಲ. 80,000 ಲಾಭದಲ್ಲಿ 4,080 ರೂಪಾಯಿ ಅಣ್ಣನ ಕೈಯಲ್ಲಿ ಉಳಿಯುತ್ತದೆ.

ಫೋನಿನಲ್ಲಿ ಇದನ್ನು ಹೇಳಿದಾಗ ಆ ಕಡೆಯಿಂದ ನಗು. "ಆಯಿತು, ನಷ್ಟ ಇಲ್ಲ. ಆದರೆ 10 ಟನ್ ಅಡಿಕೆ ತೂಗಿ, ಚೀಲ ಹೊಲಿದು, ಲಾರಿಗೆ ತುಂಬಿಸಿ ನನಗೆ 4,000. ಇದಕ್ಕೆ ರಿಲೀಫ್ ಅಂತ ಹೆಸರು!"

ಅವರ ಕೊಂಕು ನ್ಯಾಯವಾದದ್ದೇ. "ಹೆಚ್ಚುವರಿ ಆದಾಯಕ್ಕಿಂತ ಹೆಚ್ಚುವರಿ ತೆರಿಗೆ ಜಾಸ್ತಿ ಆಗುವುದಿಲ್ಲ" ಎಂದು ನಾವೆಲ್ಲ ಸುಲಭವಾಗಿ ಹೇಳಿಬಿಡುತ್ತೇವೆ. ಕಾನೂನು ಆ ಮಾತನ್ನು ಕೊಡುವುದು ತೆರಿಗೆ ಮತ್ತು ಸರ್ಚಾರ್ಜಿಗೆ ಮಾತ್ರ. ಸೆಸ್ ಆ ಮಾತಿನ ಹೊರಗೆ ನಿಂತಿದೆ. ಗೆರೆ ದಾಟಿದ 70,000ಕ್ಕೆ ಅಣ್ಣ ಕಟ್ಟುವುದು 70,000 ಮತ್ತು ಅದರ ಮೇಲೆ ಸೆಸ್ 2,800, ಅಂದರೆ 72,800. ಗೆರೆಯ ಕೆಳಗಿನ 10,000ದಲ್ಲಿ ಉಳಿದ 6,880 ಇಲ್ಲದಿದ್ದರೆ ಅವರಿಗೆ ನಿಜವಾಗಿಯೂ 2,800 ನಷ್ಟವೇ ಆಗುತ್ತಿತ್ತು. ಸಣ್ಣ ಮೊತ್ತ, ನಿಜ. ಆದರೆ 50 ಲಕ್ಷ ದಾಟಿ ರಿಲೀಫ್ ಸಿಗುವ ಈ ಆದಾಯದ ಪಟ್ಟಿಯೊಳಗೆ ಗಳಿಸುವ ಪ್ರತಿ 100 ರೂಪಾಯಿಗೆ 104 ರೂಪಾಯಿ ಹೋಗುತ್ತದೆ ಎಂಬುದನ್ನು ಮುಚ್ಚಿಟ್ಟು ರಿಲೀಫನ್ನು ಹೊಗಳುವುದು ನನಗೆ ಸರಿ ಕಾಣುವುದಿಲ್ಲ.

ಈ ಪಟ್ಟಿ ಎಲ್ಲಿಯವರೆಗೆ? ಲೆಕ್ಕ ಕಷ್ಟದ್ದಲ್ಲ. 50 ಲಕ್ಷದಲ್ಲಿ ಒಮ್ಮೆಗೇ ಬೀಳುವ ಸರ್ಚಾರ್ಜ್ 1,08,000. ಅಲ್ಲಿಂದ ಮುಂದೆ ಪ್ರತಿ ರೂಪಾಯಿಗೆ ಸರ್ಚಾರ್ಜ್ ಸೇರಿ 33 ಪೈಸೆ ತೆರಿಗೆ. ಉಳಿಯುವ 67 ಪೈಸೆಗಳು ಸೇರುತ್ತಾ ಹೋಗಿ 1,08,000 ಆಗುವ ತನಕ ರಿಲೀಫ್ ಇರುತ್ತದೆ. 1,08,000ವನ್ನು 0.67ರಿಂದ ಭಾಗಿಸಿದರೆ 1,61,194. ಆದ್ದರಿಂದ ಈ ವರ್ಷದ ಹೊಸ ಪದ್ಧತಿಯಲ್ಲಿ ರಿಲೀಫಿನ ಪಟ್ಟಿ ಸುಮಾರು 51,61,194ರವರೆಗೆ. ಹಳೆ ಪದ್ಧತಿಯಲ್ಲಿ 60 ವರ್ಷದೊಳಗಿನವರಿಗೆ 50 ಲಕ್ಷಕ್ಕೆ ತೆರಿಗೆ 13,12,500, ಸರ್ಚಾರ್ಜ್ 1,31,250. ಹಾಗಾಗಿ ಅಲ್ಲಿ ಪಟ್ಟಿ ಇನ್ನೂ ಅಗಲ, ಸುಮಾರು 51,95,896ರವರೆಗೆ.

ಪಟ್ಟಿ ದಾಟಿದ ತಕ್ಷಣ ಎಲ್ಲ ಸರಿಯಾಗುತ್ತದೆ ಎಂದೂ ಅಲ್ಲ. ಸರಿಯಾಗಿ 50 ಲಕ್ಷ ಗಳಿಸಿದವರ ಕೈಯಲ್ಲಿ ತೆರಿಗೆ ಕಳೆದು 38,76,800 ಉಳಿಯುತ್ತದೆ. 51,61,194 ಗಳಿಸಿದವರ ಕೈಯಲ್ಲಿ ಉಳಿಯುವುದು 38,70,352. ಒಂದೂವರೆ ಲಕ್ಷಕ್ಕಿಂತ ಜಾಸ್ತಿ ದುಡಿದು ಆರು ಸಾವಿರ ಕಡಿಮೆ! ಆದಾಯ ಸುಮಾರು 51,71,000 ಮುಟ್ಟಿದಾಗಲೇ ಇಬ್ಬರೂ ಸಮ.

ಇಷ್ಟು ಗೊತ್ತಾದ ಮೇಲೆ ಅಣ್ಣನ ಪ್ರಶ್ನೆ ಬದಲಾಯಿತು. ಲೋಡು ಕೊಡುವುದೋ ಬೇಡವೋ ಅನ್ನುವುದು ಹೋಗಿ, ಈಗ ಕೊಡುವುದೋ ಏಪ್ರಿಲಿನಲ್ಲಿ ಕೊಡುವುದೋ ಎಂದಾಯಿತು. ಮುಂದಿನ ವರ್ಷವೂ ಇದೇ ದರ, ಆದಾಯ 50 ಲಕ್ಷದ ಒಳಗೇ ನಿಲ್ಲುತ್ತದೆ ಎಂದು ಹಿಡಿದರೆ, ಇದೇ 80,000ಕ್ಕೆ ತೆರಿಗೆ ಮತ್ತು ಸೆಸ್ 24,960. ಉಳಿಯುವುದು 55,040. ಈಗ ಉಳಿಯುವುದು 4,080. ಸುಮಾರು 51,000 ರೂಪಾಯಿಯ ವ್ಯತ್ಯಾಸ.

"ಹಾಗಾದರೆ ಲಾರಿ 30ಕ್ಕೆ ಹೋಗಲಿ, ಬಿಲ್ಲು ಮಾತ್ರ ಏಪ್ರಿಲ್ 2ಕ್ಕೆ ಮಾಡುವ" ಎಂದರು ಅವರು.

"ಅದು ಮಾತ್ರ ಬೇಡ ಅಣ್ಣ" ಎಂದೆ. ಅಡಿಕೆ ಗೋದಾಮು ಬಿಟ್ಟು ಹೊರಟ ದಿನವೇ ಬಿಲ್ಲು ಆಗಬೇಕು. ಕೇರಳ ದಾಟಿ ಗುಜರಾತಿಗೆ ಹೋಗುವ ಲಾರಿಗೆ ಇ-ವೇ ಬಿಲ್ ಬೇಕು, ಅದರಲ್ಲಿ ಇನ್‌ವಾಯ್ಸ್ ನಂಬರು, ತಾರೀಕು, ಲಾರಿ ನಂಬರು ಎಲ್ಲ ಇರುತ್ತದೆ. ಮಾರ್ಚ್ 30ಕ್ಕೆ ಹೊರಟ ಲಾರಿಯ ಮಾರಾಟ ಆ ವರ್ಷದ್ದೇ. ಹಣ ಏಪ್ರಿಲಿನಲ್ಲಿ ಬಂದರೂ ಅಷ್ಟೇ, ಅವರದ್ದು ಹಣ ಬಂದಾಗ ಅಲ್ಲ, ಮಾರಾಟವಾದಾಗಲೇ ಆದಾಯ ಹಿಡಿಯುವ ಮರ್ಕೆಂಟೈಲ್ ಪದ್ಧತಿಯ ಲೆಕ್ಕ. ಇಷ್ಟು ವಹಿವಾಟಿಗೆ ಟ್ಯಾಕ್ಸ್ ಆಡಿಟ್ ಬೇರೆ ಇದೆ. ತಾರೀಕು ತಿದ್ದಿದ ಬಿಲ್ಲನ್ನು ಯಾವ ಆಡಿಟರ್ ಒಪ್ಪುತ್ತಾರೆ?

ನಿಜವಾಗಿಯೂ ಮುಂದೂಡಬೇಕೆಂದರೆ ದಾರಿ ಒಂದೇ. ಅಡಿಕೆ ಗೋದಾಮಿನಲ್ಲೇ ಇರಬೇಕು. ಆಗ ಮಾರ್ಚ್ 31ಕ್ಕೆ ಅದು ದಾಸ್ತಾನು, ಕೊಂಡ ಬೆಲೆಗೇ ಲೆಕ್ಕಕ್ಕೆ ಬರುತ್ತದೆ, ಲಾಭ ಹುಟ್ಟುವುದೇ ಇಲ್ಲ. ಇದಕ್ಕೂ ಖರ್ಚು ಇದೆ. ಕಿಲೋಗೆ 400 ರೂಪಾಯಿ ಎಂದು ಹಿಡಿದರೆ ಒಂದು ಲೋಡಿನಲ್ಲಿ 40 ಲಕ್ಷ ರೂಪಾಯಿ ಕೂತಿರುತ್ತದೆ. ಬ್ಯಾಂಕಿನ ಸಿಸಿ ಸಾಲಕ್ಕೆ ಶೇ. 10 ಬಡ್ಡಿ ಎಂದರೆ ದಿನಕ್ಕೆ ಹತ್ತಿರಹತ್ತಿರ 1,100. ಐದಾರು ದಿನಕ್ಕೆ ಅದು ಭಾರ ಅಲ್ಲ. ಭಾರ ಇರುವುದು ಧಾರಣೆಯಲ್ಲಿ. ಕಿಲೋಗೆ ಸುಮಾರು 7 ರೂಪಾಯಿ ಇಳಿದರೆ ಮುಂದೂಡಿದ ಲಾಭವೆಲ್ಲ ಹೋಯಿತು. ಚಾಲಿ ಧಾರಣೆ ಒಂದು ವಾರದಲ್ಲಿ ಅಷ್ಟು ಇಳಿಯುವುದಿಲ್ಲ ಎಂದು ಬರೆದುಕೊಡಲು ನಾನು ತಯಾರಿಲ್ಲ. ಅಣ್ಣನೂ ತಯಾರಿರಲಿಲ್ಲ.

ಕೊನೆಗೆ ಅದನ್ನು ತೀರ್ಮಾನ ಮಾಡಿದ್ದು ತೆರಿಗೆ ಅಲ್ಲ, ಪಾರ್ಟಿ. ಮಾಲು ಮಾರ್ಚ್ ಒಳಗೇ ಬೇಕು, ಇಲ್ಲದಿದ್ದರೆ ಬೇರೆ ಕಡೆ ನೋಡುತ್ತೇವೆ ಎಂದರು. ವರ್ಷಗಳಿಂದ ಕೊಳ್ಳುವ ಪಾರ್ಟಿಯನ್ನು 51,000ಕ್ಕಾಗಿ ಬಿಡುವುದು ಬುದ್ಧಿವಂತಿಕೆ ಅಲ್ಲ. ಲೋಡು ಹೋಯಿತು. ಆದಾಯ 50,70,000 ಆಯಿತು.

ಇಲ್ಲಿಂದ ಮುಂದಿನದ್ದು ನನಗೆ ಈ ಪ್ರಕರಣದಲ್ಲಿ ಇಷ್ಟವಾದ ಭಾಗ.

ಪಟ್ಟಿಯೊಳಗೆ ಗಳಿಸುವ 100 ರೂಪಾಯಿಗೆ 104 ತೆರಿಗೆ ಎಂದಾದರೆ, ಪಟ್ಟಿಯೊಳಗೆ ವ್ಯಾಪಾರಕ್ಕಾಗಿ ಖರ್ಚು ಮಾಡುವ 100 ರೂಪಾಯಿಗೆ 104 ತೆರಿಗೆ ಉಳಿಯಬೇಕು. ಇಂಥ ಪಟ್ಟಿಯ ಹೊರಗೆ ಈ ಅನುಕೂಲ ಇಲ್ಲ. 40 ಲಕ್ಷ ಆದಾಯ ಇದ್ದಿದ್ದರೆ ಅದೇ 100ಕ್ಕೆ ಉಳಿಯುವುದು 31 ರೂಪಾಯಿ 20 ಪೈಸೆ. ಹಾಗಾಗಿ ನಾನು ಕೇಳಿದೆ: "ಅಣ್ಣ, ಮಳೆಗಾಲಕ್ಕೆ ಮುಂಚೆ ಹೇಗೂ ಮಾಡಲೇಬೇಕಾದ ಖರ್ಚು ಏನಾದರೂ ಉಂಟಾ?"

ಇತ್ತು. ಗೋದಾಮಿನ ಮಾಡು. ಕಳೆದ ಮಳೆಗಾಲದಲ್ಲಿ ಪಡುಬದಿಯ ಮೂಲೆಯಲ್ಲಿ ಶೀಟು ಒಡೆದು ನೀರು ಇಳಿದು, ಕೆಲವು ಚೀಲ ಅಡಿಕೆಗೆ ಬೂಷ್ಟು ಬಂದಿತ್ತು. ಮೇ ತಿಂಗಳಲ್ಲಿ ಸರಿ ಮಾಡುವ ಎಂದು ಇಟ್ಟಿದ್ದರು. ಒಡೆದ ಶೀಟು, ನೀರು ಹೋಗುವ ದಂಬೆ ಬದಲಿಸಲು ಜಿಎಸ್‌ಟಿ ಬಿಟ್ಟು 44,000, ಮೇಸ್ತ್ರಿ ಕೂಲಿ 18,000, ಒಟ್ಟು 62,000 ಅಂದಾಜು.

ಅಣ್ಣನಿಗೆ ಉತ್ಸಾಹ ಬಂದು "ಹಾಗಾದರೆ ಪೂರ್ತಿ ಮಾಡನ್ನೇ ಹೊಸತು ಮಾಡುವ, ನಾಲ್ಕು ಲಕ್ಷ ಆಗಬಹುದು" ಎಂದರು. ಅಲ್ಲಿ ತಡೆಯಬೇಕಾಯಿತು. ಒಡೆದ ಶೀಟು ಬದಲಿಸುವುದು ರಿಪೇರಿ, ಆ ವರ್ಷವೇ ಪೂರ್ತಿ ಖರ್ಚಾಗಿ ಕಳೆಯಬಹುದು. ಇಡೀ ಮಾಡು ತೆಗೆದು ಹೊಸತು ಹಾಕಿದರೆ ಅದು ಬಂಡವಾಳ ವೆಚ್ಚ ಎನಿಸಿಕೊಳ್ಳುತ್ತದೆ. ಆಗ ಸಿಗುವುದು ಸವಕಳಿ ಮಾತ್ರ. ಇಂಥ ಕಟ್ಟಡಕ್ಕೆ ವರ್ಷಕ್ಕೆ ಶೇ. 10, ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಅರ್ಧ. ನಾಲ್ಕು ಲಕ್ಷ ಹಾಕಿದರೆ ಈ ವರ್ಷ ಕಳೆಯಲು ಸಿಗುವುದು 20,000.

ರಿಪೇರಿಗೂ ಎರಡು ಷರತ್ತು ಹೇಳಿದೆ. ಕೆಲಸ ಮಾರ್ಚ್ 31ರೊಳಗೆ ಮುಗಿಯಬೇಕು. ಶೀಟಿನವರಿಗೆ ಬರೀ ಅಡ್ವಾನ್ಸ್ ಕೊಟ್ಟು ಬಿಲ್ಲು ಇಟ್ಟುಕೊಂಡರೆ ಅದು ಖರ್ಚಲ್ಲ, ಮುಂಗಡ. ಹಾಗೇ ಹಣ ಬ್ಯಾಂಕ್ ಮೂಲಕ ಹೋಗಬೇಕು. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚನ್ನು ಆದಾಯದಿಂದ ಕಳೆಯಲು ಬಿಡುವುದಿಲ್ಲ. ನಮ್ಮ ಕಡೆ ಮೇಸ್ತ್ರಿಗೆ ನೋಟು ಎಣಿಸಿ ಕೊಡುವುದೇ ರೂಢಿ. ಅಲ್ಲಿ ಮನೆ ರಿಪೇರಿಗೂ ಗೋದಾಮು ರಿಪೇರಿಗೂ ವ್ಯತ್ಯಾಸ ನೋಡಬೇಕು.

ಪುಣ್ಯಕ್ಕೆ ಮಳೆ ಇರಲಿಲ್ಲ, ಜನ ಸಿಕ್ಕಿದರು, ಕೆಲಸ ಮುಗಿಯಿತು. ಆದಾಯ 50,70,000ದಿಂದ 50,08,000ಕ್ಕೆ ಇಳಿಯಿತು. ಹೊಸ ಲೆಕ್ಕ: ಸ್ಲ್ಯಾಬ್ ತೆರಿಗೆ 10,82,400. ಸರ್ಚಾರ್ಜ್ 1,08,240. ಎರಡೂ ಸೇರಿ 11,90,640. ಆದರೆ ಮಿತಿ 10,80,000ಕ್ಕೆ 8,000 ಸೇರಿಸಿ 10,88,000. ರಿಲೀಫ್ 1,02,640. ಸರ್ಚಾರ್ಜಿನಲ್ಲಿ ಉಳಿದದ್ದು ಬರೀ 5,600. ಸೆಸ್ 43,520. ಕಟ್ಟಬೇಕಾದದ್ದು 11,31,520.

ರಿಪೇರಿ ಇಲ್ಲದಿದ್ದರೆ 11,96,000 ಆಗುತ್ತಿತ್ತು. ಉಳಿದದ್ದು 64,480. ಮಾಡಿಗೆ ಖರ್ಚಾದದ್ದು 62,000. ಮಾಡು ಪುಕ್ಕಟೆ ಆಗಿ, ಮೇಲೆ 2,480 ಕೈಗೆ ಬಂತು.

ಇದನ್ನು ಓದಿ ಯಾರಾದರೂ ಮಾರ್ಚ್ ಕೊನೆಗೆ ಸುಮ್ನೆ ಏನಾದರೂ ಕೊಳ್ಳಲು ಹೊರಟರೆ ಕಷ್ಟ. ಈ ಲೆಕ್ಕ ನಡೆಯುವುದು ಗೆರೆಯ ಮೇಲೆ ಇರುವ ಆ ಒಂದೂವರೆ ಲಕ್ಷದೊಳಗೆ ಮಾತ್ರ. ಅಣ್ಣ ಇನ್ನೂ 50,000 ಖರ್ಚು ಮಾಡಿದ್ದರೆ ಮೊದಲ 8,000ಕ್ಕೆ ಮಾತ್ರ 104ರ ಲೆಕ್ಕ, ಉಳಿದ 42,000ಕ್ಕೆ ಮಾಮೂಲಿ 31.2. ಹಾಗೇ ಹೊಸ ಪದ್ಧತಿಯಲ್ಲಿ ಎಲ್‌ಐಸಿ, ಪಿಪಿಎಫ್, ದೇವಸ್ಥಾನದ ದೇಣಿಗೆ ಯಾವುದೂ ಕಳೆಯಲು ಬರುವುದಿಲ್ಲ. ವ್ಯಾಪಾರದ ನಿಜವಾದ ಖರ್ಚು ಮಾತ್ರ. ಸಂಬಳದವರಿಗೆ ಈ ಆಟಕ್ಕೆ ಜಾಗ ಬಹಳ ಕಡಿಮೆ.

ಇದೇ ಪಾಠ 1 ಕೋಟಿಯ ಗೆರೆಗೂ ಇದೆ, ಅಲ್ಲಿ ಸರ್ಚಾರ್ಜ್ ಶೇ. 10ರಿಂದ 15ಕ್ಕೆ ಏರುತ್ತದೆ. ಅಲ್ಲಿ ಹಲವರು ಎಡವುವುದು ಹೋಲಿಕೆಯ ಸಂಖ್ಯೆಯಲ್ಲಿ. 1 ಕೋಟಿಗೆ ಹೊಸ ಪದ್ಧತಿಯ ತೆರಿಗೆ 25,80,000. ಆದರೆ ಹೋಲಿಸಬೇಕಾದದ್ದು ಅದರ ಜೊತೆಗಲ್ಲ. 1 ಕೋಟಿ ಆದಾಯದವರು ಆಗಲೇ ಶೇ. 10 ಸರ್ಚಾರ್ಜ್ ಕಟ್ಟುತ್ತಿದ್ದಾರಲ್ಲ, ಅದೂ ಸೇರಿ 28,38,000. ಅದರ ಮೇಲೆ, 1 ಕೋಟಿ ದಾಟಿದ ಆದಾಯದಷ್ಟೇ ಏರಬಹುದು. ಅಲ್ಲಿ ರಿಲೀಫ್ ಸುಮಾರು 1,01,96,947ರವರೆಗೆ ನಡೆಯುತ್ತದೆ. 25,80,000 ಹಿಡಿದರೆ ರಿಲೀಫ್ ಜಾಸ್ತಿ ಬಂದಂತೆ ಕಾಣುತ್ತದೆ, ಆಮೇಲೆ ಇಲಾಖೆಯ ಲೆಕ್ಕಕ್ಕೂ ನಿಮ್ಮದಕ್ಕೂ ತಾಳೆ ಬೀಳುವುದಿಲ್ಲ. 12 ಲಕ್ಷದ ರಿಬೇಟ್ ಹತ್ತಿರವೂ ಮಾರ್ಜಿನಲ್ ರಿಲೀಫ್ ಎಂಬ ಹೆಸರು ಕೇಳಿಬರುತ್ತದೆ. ಅದು ಬೇರೆ ನಿಯಮ, ಸರ್ಚಾರ್ಜಿಗೆ ಸಂಬಂಧ ಇಲ್ಲ.

ರಿಟರ್ನ್ ತುಂಬುವಾಗ ನೋಡಬೇಕಾದ ಜಾಗ ಫಾರಂನಲ್ಲಿ ತೆರಿಗೆ ಲೆಕ್ಕ ಬರುವ Part B-TTI. ಅಲ್ಲಿ ರಿಲೀಫಿಗೆ ಮುಂಚಿನ ಸರ್ಚಾರ್ಜ್ ಮತ್ತು ನಂತರದ ಸರ್ಚಾರ್ಜ್ ಎರಡೂ ಕಾಣುತ್ತವೆ. ಅಣ್ಣನ ಲೆಕ್ಕದಲ್ಲಿ ಮೊದಲಿನದು 1,08,240, ಎರಡನೆಯದು 5,600 ಇರಬೇಕು. ಎರಡೂ ಕಡೆ ಒಂದೇ ಸಂಖ್ಯೆ ಇದ್ದು, ಆದಾಯ 50 ಲಕ್ಷ ದಾಟಿ 51,61,194ಕ್ಕಿಂತ ಕೆಳಗಿದ್ದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ. ಆಗ ರಿಟರ್ನ್ ಕಳಿಸಬೇಡಿ, ಮೊದಲು ಆದಾಯದ ಸಾಲುಗಳನ್ನು ಮತ್ತೆ ನೋಡಿ.

ಮುಂಗಡ ತೆರಿಗೆಯ ಕೊನೆಯ ಕಂತು ಮಾರ್ಚ್ 15ಕ್ಕೇ ಹೋಗಿತ್ತು, 49,90,000ದ ಅಂದಾಜಿನ ಮೇಲೆ. ಬಾಕಿ ಬಂದದ್ದು 11,440. ಅದನ್ನು ಅಣ್ಣ ಮಾರ್ಚ್ 31ರ ಮಧ್ಯಾಹ್ನ ಕಟ್ಟಿದರು. ವರ್ಷ ಮುಗಿಯುವ ಮೊದಲು ಕಟ್ಟಿದ್ದು ಮುಂಗಡ ತೆರಿಗೆಯ ಲೆಕ್ಕಕ್ಕೇ ಸೇರುತ್ತದೆ. ಚಲನ್ ಕಳಿಸಿದ ಮೇಲೆ ಅವರ ಮೆಸೇಜು: "ರೈಟರಿಗೆ ನಿಮ್ಮ ಕಾಗದ ತೋರಿಸಿದ್ದೇನೆ. ಇನ್ನು ಫೆಬ್ರವರಿಯಲ್ಲೇ ಲೆಕ್ಕ ಹಾಕುತ್ತಾನಂತೆ."